ಯಾರಿಗೆ ಎಂದು ಕೇಳಿದ ಅಜ್ಜಿ
(ಕನ್ನಡ ಶಾಲೆಯ ಪದವಿ ಪ್ರದಾನ ಸಮಾರಂಭದಲ್ಲಿ ಹಿರಿಯ ತರಗತಿಯ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ದಿನ ಮಾತನಾಡುವವರು ಮಕ್ಕಳಿಗೆ ಬುದ್ಧಿಮಾತು ಹೇಳುವುದು ವಾಡಿಕೆ. ನಾನು ಅದರ ಬದಲು ಪೋಷಕರಿಗೂ ಶಿಕ್ಷಕರಿಗೂ ಒಂದು ವ್ಯಾಕರಣದ ಪಾಠ ಒಪ್ಪಿಸುತ್ತೇನೆ. ವ್ಯಾಕರಣ ಎಂದ ಕೂಡಲೇ ಹಿಂದಿನ ಸಾಲಿನವರು ಕಾಫಿಯ ಕಡೆ ನೋಡಬೇಡಿ. ಇದು ಒಂದು ಮಾತ್ರೆಯ ಕತೆಯಿಂದ ಶುರುವಾಗುತ್ತದೆ.

ನನ್ನ ತರಗತಿಯ ಹುಡುಗನೊಬ್ಬನ ಮನೆಗೆ ಕಳೆದ ವರ್ಷ ಊರಿಂದ ಅಜ್ಜಿ ತಾತ ಬಂದಿದ್ದರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಒಂದು ಸಂಜೆ ಅಮ್ಮನಿಗೆ ತಡವಾಯಿತು. ಮಗನ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಹಾಕಿದರು: 'ಅಜ್ಜಿ ಶುಡ್ ಬಿ ಗಿವನ್ ದ ವೈಟ್ ಟ್ಯಾಬ್ಲೆಟ್ ಆಫ್ಟರ್ ಡಿನ್ನರ್.' ಹುಡುಗ ಅದನ್ನು ಓದಿ, ಅಡುಗೆಮನೆಯಲ್ಲಿದ್ದ ಅಜ್ಜಿಗೆ ಕೇಳುವಂತೆ ಕೂಗಿ ಹೇಳಿದ: 'ಅಜ್ಜಿ ಊಟ ಆದ್ಮೇಲೆ ಬಿಳಿ ಮಾತ್ರೆ ಕೊಡಬೇಕಂತೆ.'

ಅಜ್ಜಿಗೆ ಅರ್ಥವಾದದ್ದೇನು? ಊಟ ಆದ ಮೇಲೆ ತಾನು ಯಾರಿಗೋ ಮಾತ್ರೆ ಕೊಡಬೇಕು ಎಂದು. ಮನೆಯಲ್ಲಿ ಮಾತ್ರೆ ತೆಗೆದುಕೊಳ್ಳುವ ಇನ್ನೊಬ್ಬರು ಎಂದರೆ ತಾತ. ಅಜ್ಜಿ ಬಿಳಿ ಮಾತ್ರೆಯನ್ನೂ ನೀರಿನ ಲೋಟವನ್ನೂ ತಾತನ ಮುಂದೆ ಇಟ್ಟರು. ತಾತ, 'ನಂದು ಬೆಳಗ್ಗೆನೇ ಆಯ್ತಲ್ಲೇ' ಎಂದರು. ಆಗ ಅಜ್ಜಿ ಮೊಮ್ಮಗನನ್ನು ಕರೆದು ಒಂದೇ ಒಂದು ಪದ ಕೇಳಿದರು: 'ಯಾರಿಗೋ?'

ಏನೂ ಅನಾಹುತ ಆಗಲಿಲ್ಲ. ಆದರೆ ಮರುವಾರ ಹುಡುಗ ತರಗತಿಗೆ ಬಂದು, 'ಟೀಚರ್, ನಾನು ಹೇಳಿದ್ದರಲ್ಲಿ ತಪ್ಪೇನು? ಎಲ್ಲಾ ಪದವೂ ಸರಿಯಾಗಿತ್ತಲ್ಲ' ಎಂದ. ಅವನು ಹೇಳಿದ್ದು ನಿಜ. ಅಜ್ಜಿ, ಮಾತ್ರೆ, ಕೊಡಬೇಕು, ಪದಗಳೆಲ್ಲ ಸರಿ. ಬಿಟ್ಟುಹೋದದ್ದು ಒಂದೇ ಅಕ್ಷರ, 'ಗೆ'. 'ಅಜ್ಜಿಗೆ ಮಾತ್ರೆ ಕೊಡಬೇಕು' ಎಂಬುದು 'ಅಜ್ಜಿ ಮಾತ್ರೆ ಕೊಡಬೇಕು' ಆಗಿತ್ತು. ತೆಗೆದುಕೊಳ್ಳುವವರು ಕೊಡುವವರಾಗಿಬಿಟ್ಟಿದ್ದರು.

ಈ 'ಗೆ' ಯಾಕೆ ಬಿದ್ದುಹೋಯಿತು? ಹುಡುಗನಿಗೆ ವಿಭಕ್ತಿ ಗೊತ್ತಿಲ್ಲದ್ದರಿಂದ ಅಲ್ಲ. 'ಅಜ್ಜಿಗೆ ಕಾಫಿ ಕೊಡು' ಎಂದು ಅವನು ದಿನವೂ ಕೇಳುತ್ತಾನೆ, ಹೇಳುತ್ತಾನೆ. ಬಿದ್ದುಹೋದದ್ದು ಇಂಗ್ಲಿಷಿನ ಕರ್ಮಣಿ ವಾಕ್ಯವನ್ನು ಕನ್ನಡಕ್ಕೆ ತರುವಾಗ ಮಾತ್ರ.

'ಕೊಡು' ಎಂಬ ಕ್ರಿಯೆಗೆ ಮೂವರು ಬೇಕು. ಕೊಡುವವರು, ತೆಗೆದುಕೊಳ್ಳುವವರು, ಕೊಡುವ ವಸ್ತು. 'ಅಮ್ಮ ಅಜ್ಜಿಗೆ ಮಾತ್ರೆ ಕೊಟ್ಟಳು.' ಹೇಳು, ತೋರಿಸು, ಕಲಿಸು, ಕಳಿಸು, ತಿಳಿಸು ಇವೂ ಇದೇ ಜಾತಿ. ಶಾಲೆಯ ವ್ಯಾಕರಣದಲ್ಲಿ ಇಂಥ ವಾಕ್ಯಕ್ಕೆ ಎರಡು ಕರ್ಮ ಎನ್ನುತ್ತಾರೆ: ವಸ್ತು ಒಂದು, ಪಡೆಯುವವರು ಇನ್ನೊಂದು. ಈಗ ಕೊಡುವವರನ್ನು ಬಿಟ್ಟು ವಾಕ್ಯ ಮಾಡಬೇಕೆಂದರೆ ಇಂಗ್ಲಿಷಿನಲ್ಲಿ ಎರಡು ದಾರಿ ಇವೆ. 'ಎ ಬುಕ್ ವಾಸ್ ಗಿವನ್ ಟು ಮಿ' ಎನ್ನಬಹುದು. 'ಐ ವಾಸ್ ಗಿವನ್ ಎ ಬುಕ್' ಎಂದೂ ಹೇಳಬಹುದು. ಎರಡನೆಯದರಲ್ಲಿ ಪಡೆಯುವವನೇ ಎದ್ದು ಬಂದು ಕರ್ತೃವಿನ ಕುರ್ಚಿಯಲ್ಲಿ ಕೂತುಬಿಡುತ್ತಾನೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ಹೆಚ್ಚು ಓಡಾಡುವುದು ಈ ಎರಡನೆಯದೇ.

ಕನ್ನಡದಲ್ಲಿ ಆ ಕುರ್ಚಿ ಪಡೆಯುವವನಿಗೆ ಸಿಗುವುದಿಲ್ಲ. ಕೊಡುವವರ ಹೆಸರು ಹೇಳಲಿ, ಬಿಡಲಿ, ಪಡೆಯುವವನು 'ನನಗೆ' ಆಗಿಯೇ ಉಳಿಯುತ್ತಾನೆ. ನನಗೆ ಪುಸ್ತಕ ಕೊಟ್ಟರು. ನನಗೆ ಪುಸ್ತಕ ಕೊಡಲಾಯಿತು. ನನಗೆ ಪುಸ್ತಕ ಸಿಕ್ಕಿತು. ಮೂರರಲ್ಲೂ 'ನನಗೆ' ಅಲುಗಾಡಿಲ್ಲ. ಇದು ಕನ್ನಡದ ಹಠ ಮಾತ್ರ ಅಲ್ಲ. ಜರ್ಮನ್ ಕಲಿತವರಿಗೆ ಗೊತ್ತು, ಅಲ್ಲಿಯೂ 'ಮಿರ್' ಎಂದರೆ 'ನನಗೆ' ಎಂಬ ರೂಪವೇ ಉಳಿಯುತ್ತದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ಹೀಗೆಯೇ ಇತ್ತು. ಆಮೇಲೆ ಅದರ ನಾಮಪದಗಳ ವಿಭಕ್ತಿಗಳು ಸವೆದುಹೋದವು. ಯಾರು, ಯಾರಿಗೆ ಎಂಬುದನ್ನು ತೋರಿಸುವ ಕೆಲಸ ಹೆಚ್ಚಾಗಿ ಪದದ ಸ್ಥಾನಕ್ಕೆ ಬಿತ್ತು. ಕನ್ನಡದಲ್ಲಿ ಆ ಕೆಲಸ ಇವತ್ತಿಗೂ ಪದದ ಕೊನೆಯದು. ಆದ್ದರಿಂದ ಕೊನೆ ಬಿದ್ದರೆ ಅರ್ಥವೂ ಬೀಳುತ್ತದೆ.

ಮಕ್ಕಳು ಈ ಜಾಗದಲ್ಲಿ ಎರಡು ರೀತಿ ಎಡವುತ್ತಾರೆ. ಕರ್ಮಣಿ ಪ್ರಯೋಗದ ಪಾಠ ಕೇಳಿದ ಮಗು 'ನಾನು ಪುಸ್ತಕ ಕೊಡಲ್ಪಟ್ಟೆ' ಎಂದು ಬರೆಯುತ್ತದೆ. ಪಾಠ ಕೇಳದ ಮಗು, 'ಐ ವಾಸ್ ಟೋಲ್ಡ್' ಎನ್ನಲು ಹೋಗಿ 'ನಾನು ಹೇಳಿದೆ' ಎನ್ನುತ್ತದೆ. ಮೊದಲನೆಯದನ್ನು ನಾವು ಕೂಡಲೇ ಹಿಡಿಯುತ್ತೇವೆ, ಏಕೆಂದರೆ ಅದು ನಗು ತರಿಸುತ್ತದೆ. ಎರಡನೆಯದು ಕೇಳಲು ಸರಿಯಾದ ಕನ್ನಡ ವಾಕ್ಯ. ಹಾಗಾಗಿ ಅದು ನಮ್ಮ ಕಿವಿಯಿಂದ ತಪ್ಪಿಸಿಕೊಂಡು ಹೋಗುತ್ತದೆ. ತನಗೆ ಯಾರೋ ಹೇಳಿದ್ದನ್ನು, ತಾನೇ ಹೇಳಿದೆ ಎಂದು ಮಗು ಒಪ್ಪಿಕೊಂಡಂತಾಗುತ್ತದೆ. ಜಗಳದ ವಿಚಾರಣೆಯಲ್ಲಿ ಇದು ಸಣ್ಣ ವ್ಯತ್ಯಾಸವೇ?

'ಕೊಡಲ್ಪಟ್ಟೆ' ಎನ್ನುವುದು ಯಾಕೆ ತಪ್ಪು ಎಂದು ಮಕ್ಕಳಿಗೆ ತಿಳಿಸಲು ಸುಲಭದ ದಾರಿ ಇದೆ. 'ಪಡು' ಎಂಬುದು ಮಕ್ಕಳಿಗೆ ಗೊತ್ತಿರುವ ಪದವೇ. ಕಷ್ಟಪಡು, ಸಂತೋಷಪಡು, ನಾಚಿಕೆಪಡು. 'ಪಡು' ಎಂದರೆ ಅನುಭವಿಸು, ಒಳಗಾಗು. ಕೊಡುವ ಕೆಲಸಕ್ಕೆ ಒಳಗಾದದ್ದು ಯಾವುದು? ಪುಸ್ತಕ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದು ಅದು. ನಾನು ಹೋಗಲಿಲ್ಲ. ಹಾಗಾಗಿ 'ಪುಸ್ತಕ ಕೊಡಲ್ಪಟ್ಟಿತು' ಎನ್ನಬಹುದು. 'ನಾನು ಕೊಡಲ್ಪಟ್ಟೆ' ಎಂದರೆ ನನ್ನನ್ನೇ ಯಾರಿಗೋ ದಾನ ಕೊಟ್ಟಂತೆ. ಹೀಗೆ ಹೇಳಿದಾಗ ತರಗತಿ ಒಮ್ಮೆ ನಕ್ಕರೆ ಆ ತಪ್ಪು ಮತ್ತೆ ಬರುವುದು ಕಡಿಮೆ.

ಇನ್ನು ದೊಡ್ಡವರ ತಪ್ಪಿಗೆ ಬರುತ್ತೇನೆ, ಅಂದರೆ ನನ್ನ ತಪ್ಪಿಗೆ. ಕಳೆದ ಸಲ ವಾರ್ಷಿಕ ವರದಿಯ ಕರಡು ಬರೆದವಳು ನಾನು. ಅದರಲ್ಲಿ 'ಮಕ್ಕಳಿಗೆ ಪ್ರಮಾಣಪತ್ರಗಳು ಕೊಡಲಾದವು' ಎಂದು ಬರೆದಿದ್ದೆ. ನಮ್ಮ ಹಿರಿಯ ಶಿಕ್ಷಕರೊಬ್ಬರು ಓದಿ, 'ಯಾಕೋ ಕಿವಿಗೆ ಒಗ್ಗುತ್ತಿಲ್ಲ' ಎಂದರು. ಕೂತು ನೋಡಿದಾಗ ಗೊತ್ತಾಯಿತು, ನಾನು ಎರಡು ರಚನೆಗಳನ್ನು ಬೆರೆಸಿದ್ದೆ. 'ಪಡು' ಸೇರಿದಾಗ ವಸ್ತು ಕರ್ತೃವಿನ ಜಾಗಕ್ಕೆ ಬರುತ್ತದೆ, ಕ್ರಿಯಾಪದ ಅದನ್ನು ಅನುಸರಿಸುತ್ತದೆ: 'ಪ್ರಮಾಣಪತ್ರಗಳು ಕೊಡಲ್ಪಟ್ಟವು.' 'ಆಗು' ಸೇರಿದಾಗ ವಸ್ತು ಕರ್ಮವಾಗಿಯೇ ಉಳಿಯುತ್ತದೆ. ಒಂದಿರಲಿ, ನೂರಿರಲಿ, ಕ್ರಿಯಾಪದ 'ಆಯಿತು' ಎಂದೇ ನಿಲ್ಲುತ್ತದೆ: 'ಪ್ರಮಾಣಪತ್ರಗಳನ್ನು ಕೊಡಲಾಯಿತು.' ಮನುಷ್ಯರಿದ್ದರೂ ಹಾಗೆಯೇ. 'ಅತಿಥಿಗಳನ್ನು ಸನ್ಮಾನಿಸಲಾಯಿತು' ಎನ್ನುತ್ತೇವೆ, 'ಅತಿಥಿಗಳು ಸನ್ಮಾನಿಸಲಾದರು' ಎನ್ನುವುದಿಲ್ಲ. ವರದಿ, ಪ್ರಕಟಣೆ, ಆಹ್ವಾನ ಬರೆಯುವ ಪೋಷಕರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು: 'ಲಾಯಿತು' ಬಂದಲ್ಲಿ 'ಅನ್ನು' ಇರಬಹುದು.

ಅದೇ ವರದಿಯಲ್ಲಿ ಇನ್ನೊಂದು ವಾಕ್ಯ ಇತ್ತು. 'ನಾಲ್ವರಿಗೆ ಪ್ರಮಾಣಪತ್ರ ಕೊಡಲಾಗಲಿಲ್ಲ.' ಹಾಜರಿ ಸಾಲದ್ದರಿಂದ ಕೊಟ್ಟಿಲ್ಲ ಎಂಬುದು ನನ್ನ ಉದ್ದೇಶ. ಓದಿದ ತಾಯಿಯೊಬ್ಬರು ಕೇಳಿದರು, 'ಯಾಕೆ ಆಗಲಿಲ್ಲ? ಮುದ್ರಣ ಮುಗಿದಿರಲಿಲ್ಲವೇ?' ಅವರು ಓದಿದ್ದು ಸರಿ. 'ಕೊಡಲಾಯಿತು' ಎಂದರೆ ಕೊಟ್ಟರು. ಆದರೆ 'ಕೊಡಲಾಗಲಿಲ್ಲ' ಎಂದ ಕೂಡಲೇ ಕನ್ನಡದ ಕಿವಿಗೆ ಕೇಳುವುದು 'ಕೊಡಲು ಸಾಧ್ಯವಾಗಲಿಲ್ಲ' ಎಂದು. 'ಆಗು' ಎಂಬುದಕ್ಕೆ ಸಾಧ್ಯವಾಗು ಎಂಬ ಅರ್ಥವೂ ಇದೆ, ನಿಷೇಧದಲ್ಲಿ ಆ ಅರ್ಥ ಮುಂದೆ ಬರುತ್ತದೆ. ನಾನು 'ಕೊಟ್ಟಿಲ್ಲ' ಎಂದೋ 'ಕೊಡಲಾಗಿಲ್ಲ' ಎಂದೋ ಬರೆಯಬೇಕಿತ್ತು. ಶಾಲೆಯ ತೀರ್ಮಾನವೊಂದು ನನ್ನ ವಾಕ್ಯದಿಂದ ಶಾಲೆಯ ಅಸಹಾಯಕತೆ ಆಗಿಬಿಟ್ಟಿತ್ತು.

ಈಗ ಮತ್ತೆ ಅಜ್ಜಿಯ ಮಾತ್ರೆಗೆ ಬರೋಣ. ಅಲ್ಲಿ 'ಗೆ' ಬಿದ್ದದ್ದು ಅಷ್ಟು ಸುಲಭವಾಗಿ ಮುಚ್ಚಿಹೋಗಲು 'ಬೇಕು' ಎಂಬ ಪದವೂ ಕಾರಣ. ಕನ್ನಡದ ಸಾಮಾನ್ಯ ಕ್ರಿಯಾಪದ ತನ್ನ ಬಾಲದಲ್ಲಿ ಯಾರು ಮಾಡಿದರು ಎಂದು ಹೇಳಿಬಿಡುತ್ತದೆ. ಕೊಟ್ಟೆ ಎಂದರೆ ನಾನು, ಕೊಟ್ಟೆವು ಎಂದರೆ ನಾವು, ಕೊಟ್ಟರು ಎಂದರೆ ಅವರು. ಮಗು 'ನಾನು ಪುಸ್ತಕ ಕೊಟ್ಟರು' ಎಂದರೆ 'ನಾನು'ವಿಗೂ 'ಕೊಟ್ಟರು'ವಿಗೂ ಹೊಂದುವುದಿಲ್ಲ, ಕೇಳಿದವರು ತಾವೇ 'ನನಗೆ' ಎಂದು ತಿದ್ದಿಕೊಳ್ಳುತ್ತಾರೆ. 'ಬೇಕು' ಹಾಗಲ್ಲ. ನಾನು ಕೊಡಬೇಕು, ನೀನು ಕೊಡಬೇಕು, ಅಜ್ಜಿ ಕೊಡಬೇಕು, ಎಲ್ಲರಿಗೂ ಒಂದೇ ರೂಪ. ಬಹುದು, ಬಾರದು, ಕೂಡದು ಇವೂ ಅಷ್ಟೇ. ಎರಡನೆಯ ಸಾಕ್ಷಿ ಇಲ್ಲದ ಮೇಲೆ ಎಲ್ಲ ಭಾರವೂ ನಾಮಪದದ ಕೊನೆಯ ಮೇಲೆ ಬೀಳುತ್ತದೆ. ಆ ಕೊನೆಯೂ ಬಿದ್ದರೆ ತಪ್ಪನ್ನು ತೋರಿಸುವವರು ಯಾರೂ ಇರುವುದಿಲ್ಲ. ಅಜ್ಜಿಯೇ ಕೇಳಬೇಕು, 'ಯಾರಿಗೋ?'

'ಶುಡ್ ಬಿ ಡನ್' ಎಂಬುದನ್ನು ಕನ್ನಡಕ್ಕೆ ತರಲು ಕೆಲವು ಪಠ್ಯಗಳು 'ಮಾಡಲ್ಪಡಬೇಕು' ಎಂದು ಕಲಿಸುತ್ತವೆ. ವ್ಯಾಕರಣದ ಪ್ರಕಾರ ತಪ್ಪಲ್ಲ, ಆದರೆ ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಅದರ ಅಗತ್ಯವೂ ಇಲ್ಲ. ಮಾಡುವವರ ಹೆಸರನ್ನು ಸುಮ್ಮನೆ ಬಿಟ್ಟರೆ 'ಮಾಡಬೇಕು' ಎಂಬುದೇ ಆ ಅರ್ಥ ಕೊಡುತ್ತದೆ. 'ಈ ಕೆಲಸ ಭಾನುವಾರದೊಳಗೆ ಮಾಡಬೇಕು.' ಇನ್ನೂ ಹಗುರಾಗಿ ಹೇಳಬೇಕಾದರೆ, 'ಈ ಕೆಲಸ ಭಾನುವಾರದೊಳಗೆ ಆಗಬೇಕು.' ಕೆಲಸವನ್ನು ನಾಮಪದದ ಹಿಂದೆ ಕಟ್ಟಬೇಕಾದರೆ 'ಮಾಡಬೇಕಾದ ಕೆಲಸ'.

ಸಂಭಾಳಿಸಬೇಕಾದದ್ದು ಭೂತಕಾಲವನ್ನು. ಅಮ್ಮ ರಾತ್ರಿ ಮನೆಗೆ ಬಂದು ಮಾತ್ರೆಯ ಬಗ್ಗೆ ಕೇಳಿದರು ಎಂದುಕೊಳ್ಳಿ. ಮಗ 'ಎಂಟು ಗಂಟೆಗೆ ಕೊಡಬೇಕಿತ್ತು' ಎಂದರೆ ಸಾಮಾನ್ಯವಾಗಿ ಕೊಟ್ಟಿಲ್ಲ ಎಂದೇ ಅರ್ಥ. 'ಎಂಟು ಗಂಟೆಗೆ ಕೊಡಬೇಕಾಯಿತು' ಎಂದರೆ ಕೊಟ್ಟಾಗಿದೆ, ಕೊಡದೆ ಬೇರೆ ದಾರಿ ಇರಲಿಲ್ಲ ಎಂದು. ಒಂದರಲ್ಲಿ ಮಾತ್ರೆ ಡಬ್ಬಿಯಲ್ಲಿದೆ, ಇನ್ನೊಂದರಲ್ಲಿ ಹೊಟ್ಟೆಯಲ್ಲಿದೆ. ಇಂಗ್ಲಿಷಿನಲ್ಲಿ 'ಶುಡ್ ಹ್ಯಾವ್ ಬೀನ್ ಗಿವನ್' ಮತ್ತು 'ಹ್ಯಾಡ್ ಟು ಬಿ ಗಿವನ್' ಎಂದು ದೂರದೂರ ಇರುವ ಈ ಎರಡು ಕನ್ನಡದಲ್ಲಿ 'ಇತ್ತು', 'ಆಯಿತು' ಎಂಬಷ್ಟು ಹತ್ತಿರ ಇವೆ. ಮಕ್ಕಳಿಗೆ ಇವನ್ನು ಜೋಡಿಯಾಗಿ, ಮಾತ್ರೆ ಈಗ ಎಲ್ಲಿದೆ ಎಂದು ಕೇಳುತ್ತಾ ಕಲಿಸಿದರೆ ನಿಲ್ಲುತ್ತದೆ.

ಇದನ್ನೆಲ್ಲ ತರಗತಿಯಲ್ಲಿ ಹೇಗೆ ಮಾಡಿದೆವು ಎಂದು ಹೇಳಿ ಮುಗಿಸುತ್ತೇನೆ. ನಮ್ಮ ತಿಂಡಿ ವಿರಾಮದ ಬಗ್ಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದು, ಕನ್ನಡಕ್ಕೆ ತರಲು ಮಕ್ಕಳಿಗೆ ಕೊಟ್ಟೆ. ಮಕ್ಕಳಿಗೆ 11 ಗಂಟೆಗೆ ತಿಂಡಿ ಕೊಡುವುದು ಮೊದಲ ಸಾಲು. ಕಡಲೆಕಾಯಿ, ಗೋಡಂಬಿ ಇರುವ ತಿಂಡಿ ಕೊಡುವುದು ನಿಷಿದ್ಧ ಎಂಬುದು ಎರಡನೆಯದು. ಬೇರೆ ಏನಾದರೂ ಕೊಟ್ಟಿದ್ದರೆ ಪೋಷಕರಿಗೆ ಸುದ್ದಿ ಹೋಗುತ್ತದೆ ಎಂಬುದು ಮೂರನೆಯದು. ಇಂಗ್ಲಿಷಿನಲ್ಲಿ ಮೂರೂ ಕರ್ಮಣಿ ವಾಕ್ಯಗಳು.

ಬಂದ ಉತ್ತರಗಳನ್ನು ಕೇಳಿ. ಮೊದಲ ಸಾಲಿಗೆ ಒಂದು ಮಗು 'ಮಕ್ಕಳು 11 ಗಂಟೆಗೆ ತಿಂಡಿ ಕೊಡಬೇಕು' ಎಂದು ಬರೆದಿತ್ತು. ಅಡುಗೆಯ ಹೊಣೆ ಮಕ್ಕಳ ತಲೆಗೆ ಬಂತು! ಎರಡನೆಯದಕ್ಕೆ ಇನ್ನೊಂದು ಮಗು 'ಕಡಲೆಕಾಯಿ ಕೊಡಬೇಕಾಗಿಲ್ಲ' ಎಂದಿತ್ತು. 'ಕೊಡಬೇಕಾಗಿಲ್ಲ' ಎಂದರೆ ಕಡ್ಡಾಯವಿಲ್ಲ, ಕೊಟ್ಟರೂ ನಡೆಯುತ್ತದೆ. ಅಲರ್ಜಿ ಇರುವ ಮಗು ತರಗತಿಯಲ್ಲಿದ್ದಾಗ ಅಲ್ಲಿ ಇರಬೇಕಾದದ್ದು 'ಕೊಡಬಾರದು'. ಮೂರನೆಯದಕ್ಕೆ ಬಂದದ್ದು 'ಪೋಷಕರು ತಿಳಿಸುತ್ತಾರೆ'. ಅಂದರೆ ನಮ್ಮ ತಪ್ಪನ್ನು ಪೋಷಕರೇ ನಮಗೆ ಹೇಳಬೇಕು! ಮೂರು ಸಾಲಿನಲ್ಲಿ ಎರಡು ಕಡೆ 'ಗೆ' ಬಿದ್ದಿತ್ತು, ಒಂದು ಕಡೆ ಬೇಕು, ಬಾರದು ಅದಲುಬದಲಾಗಿತ್ತು.

ತಿದ್ದುವಾಗ ನಾನು ಸೂತ್ರ ಬರೆಸಲಿಲ್ಲ. ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆ ಕೇಳಿಸಿದೆ: ಯಾರು? ಯಾರಿಗೆ? ಏನು? ಮೊದಲು ಮೂರಕ್ಕೂ ಉತ್ತರ ಇರುವ ಪೂರ್ತಿ ವಾಕ್ಯ ಬರೆಯಬೇಕು: 'ಸ್ವಯಂಸೇವಕರು ಮಕ್ಕಳಿಗೆ 11 ಗಂಟೆಗೆ ತಿಂಡಿ ಕೊಡಬೇಕು.' ಆಮೇಲೆ 'ಯಾರು' ಎಂಬುದರ ಉತ್ತರವನ್ನು ಮಾತ್ರ ಅಳಿಸಬೇಕು, ಬೇರೆ ಯಾವ ಪದವನ್ನೂ ಮುಟ್ಟಬಾರದು: 'ಮಕ್ಕಳಿಗೆ 11 ಗಂಟೆಗೆ ತಿಂಡಿ ಕೊಡಬೇಕು.' ಅಷ್ಟೇ. ಮೂರನೆಯ ಸಾಲು ಪ್ರಕಟಣೆಯ ಭಾಷೆಯಾದ್ದರಿಂದ ಅಲ್ಲಿ ಇನ್ನೊಂದು ಹೆಜ್ಜೆ ಬೇಕಾಯಿತು: 'ನಾವು ಪೋಷಕರಿಗೆ ತಿಳಿಸುತ್ತೇವೆ' ಎಂಬುದರಲ್ಲಿ 'ನಾವು' ಅಳಿಸಿ, 'ತಿಳಿಸುತ್ತೇವೆ' ಎಂಬಲ್ಲಿ 'ತಿಳಿಸಲಾಗುವುದು' ಇಟ್ಟರು. 'ಪೋಷಕರಿಗೆ ತಿಳಿಸಲಾಗುವುದು.' ಇಲ್ಲಿಯೂ 'ಗೆ' ತನ್ನ ಜಾಗದಲ್ಲೇ ಇದೆ ನೋಡಿ.

ಈ ಅಭ್ಯಾಸಕ್ಕೆ ಒಂದು ಮಿತಿಯೂ ಇದೆ. 'ಯಾರು' ಎಂಬುದು ಮುಖ್ಯವಾದ ಕಡೆ ಅದನ್ನು ಅಳಿಸಬಾರದು. 'ಅಧ್ಯಕ್ಷರಿಂದ ಮಕ್ಕಳಿಗೆ ಬಹುಮಾನಗಳನ್ನು ಕೊಡಲಾಯಿತು' ಎಂದು ಸುತ್ತಿ ಬರೆಯುವುದಕ್ಕಿಂತ 'ಅಧ್ಯಕ್ಷರು ಮಕ್ಕಳಿಗೆ ಬಹುಮಾನ ಕೊಟ್ಟರು' ಎನ್ನುವುದು ಚೆಂದ, ಚಿಕ್ಕದು. ಮನೆಯ ಮಾತಿನಲ್ಲಂತೂ 'ಲಾಯಿತು' ಬೇಡವೇ ಬೇಡ. ಮಗು ಶಾಲೆಯಿಂದ ಬಂದು 'ನನಗೆ ಪುಸ್ತಕ ಕೊಡಲಾಯಿತು' ಎಂದರೆ ಸರ್ಕಾರಿ ಕಚೇರಿಯ ಪತ್ರ ಓದಿದಂತಿರುತ್ತದೆ. 'ನಂಗೆ ಪುಸ್ತಕ ಕೊಟ್ರು', 'ನಂಗೆ ಪ್ರೈಜ್ ಬಂತು' ಎಂದರೆ ಸಾಕು. ಯಾರು ಕೊಟ್ಟರು ಎಂದು ಹೇಳದೆಯೂ 'ಕೊಟ್ರು' ಎನ್ನಬಹುದು. ಕರ್ಮಣಿ ಪ್ರಯೋಗ ಮಾಡಬೇಕಾದ ಕೆಲಸವನ್ನು ನಮ್ಮ ಮನೆಗಳಲ್ಲಿ ಮಾಡುತ್ತಿರುವುದು ಈ ಹೆಸರಿಲ್ಲದ 'ಕೊಟ್ರು'ವೇ.

ಪೋಷಕರಲ್ಲಿ ನನ್ನದು ಒಂದು ವಿನಂತಿ. ಮನೆಯಲ್ಲಿ ಮಗು 'ನಾನು ಹೇಳಿದೆ' ಎಂದಾಗ, ಸಂದರ್ಭ ಹೊಂದದಿದ್ದರೆ, ತಪ್ಪು ಎನ್ನಬೇಡಿ, ಸರಿಯಾದ ವಾಕ್ಯವನ್ನೂ ಕೂಡಲೇ ಕೊಡಬೇಡಿ. ಆ ಅಜ್ಜಿಯ ಹಾಗೆ 'ಯಾರಿಗೆ?' ಎಂದಷ್ಟೇ ಕೇಳಿ. ಉತ್ತರ ಕೊಡಲು ಮಗು 'ನನಗೆ' ಎನ್ನಲೇಬೇಕು. ಬಿದ್ದುಹೋದ ಅಕ್ಷರವನ್ನು ಅದೇ ಎತ್ತಿಕೊಂಡಂತಾಗುತ್ತದೆ.

ಆ ಹುಡುಗ ಇವತ್ತು ಇಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಾನೆ. ಕತೆ ಹೇಳಲು ಅವನದೂ ಅವನ ಅಮ್ಮನದೂ ಒಪ್ಪಿಗೆ ಇದೆ. ಅಜ್ಜಿ ಊರಿಗೆ ಮರಳಿದ್ದಾರೆ. ಈಗ ಫೋನಿನಲ್ಲಿ ಮೊಮ್ಮಗನೇ ಅವರನ್ನು ಕೇಳುತ್ತಾನಂತೆ, 'ಅಜ್ಜಿ, ನಿಮಗೆ ಮಾತ್ರೆ ಕೊಟ್ರಾ?' ಈ ವಾಕ್ಯದಲ್ಲಿ ಯಾರು ಎಂಬುದಿಲ್ಲ, ಯಾರಿಗೆ ಎಂಬುದಿದೆ. ನನ್ನ ಪಾಠ ಅಷ್ಟೇ ಆಗಿತ್ತು.

ಇನ್ನು ನಿರೂಪಕರು ಇಲ್ಲಿಗೆ ಬಂದು 'ಈಗ ಮಕ್ಕಳಿಗೆ ಪ್ರಮಾಣಪತ್ರಗಳನ್ನು ವಿತರಿಸಲಾಗುವುದು' ಎಂದು ಹೇಳಲಿದ್ದಾರೆ. 'ಗೆ' ಎಲ್ಲಿದೆ, 'ಅನ್ನು' ಎಲ್ಲಿದೆ ಎಂದು ಸ್ವಲ್ಪ ಕಿವಿಗೊಟ್ಟು ಕೇಳಿ.